ಜನವರಿಯಲ್ಲಿ ಬೆಂಗಳೂರಿನಿಂದ ದೆಹಲಿಗೆ: ಹೆಚ್ಚುಕಡಿಮೆ ಒಂದೇ ಹೊತ್ತಿನ ಎರಡು ವಿಮಾನಗಳಲ್ಲಿ ಯಾವುದನ್ನು ಆರಿಸಬೇಕು?

ತುಂಗಾತೀರ

ಬರುವ ಜನವರಿಯ ಎರಡನೆಯ ವಾರದಲ್ಲಿ ದೆಹಲಿಯ ವಿಶ್ವವಿದ್ಯಾಲಯವೊಂದರಲ್ಲಿ ನಡೆಯುವ ಪಿಎಚ್.ಡಿ. ಮೌಖಿಕ ಪರೀಕ್ಷೆಗೆ ಪರೀಕ್ಷಕಳಾಗಿ ಹೋಗಬೇಕಾಗಿದೆ. ಪರೀಕ್ಷೆ ಇರುವುದು ಸಂಜೆ 5 ಗಂಟೆಗೆ. ಹಿಂದಿನ ದಿನ ಸಂಜೆಯವರೆಗೆ ನಮ್ಮ ಕಾಲೇಜಿನಲ್ಲೇ ಕೆಲಸವಿರುವುದರಿಂದ ಪರೀಕ್ಷೆಯ ದಿನವೇ ಹೊರಡುವುದು ನನಗೆ ಅನಿವಾರ್ಯ. ನನ್ನ ಮುಂದೆ ಎರಡು ನೇರ ವಿಮಾನಗಳಿವೆ. ಮೊದಲನೆಯದು ಬೆಂಗಳೂರನ್ನು 10:40ಕ್ಕೆ ಬಿಟ್ಟು 13:30ಕ್ಕೆ ತಲುಪುತ್ತದೆ. ಎರಡನೆಯದು ಬೇರೆ ಕಂಪನಿಯದು, 11:15ಕ್ಕೆ ಬಿಟ್ಟು 14:05ಕ್ಕೆ ತಲುಪುತ್ತದೆ. ದರದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸವಿಲ್ಲ. ನಿಲ್ದಾಣದಿಂದ ವಿಶ್ವವಿದ್ಯಾಲಯಕ್ಕೆ ಒಂದೂವರೆ ಗಂಟೆ ಬೇಕೆಂದು ಹಿಡಿದರೆ, ಹೇಗಿದ್ದರೂ 15:30ರೊಳಗೆ ನಾನು ವಿಮಾನದಿಂದ ಇಳಿದಿರಬೇಕು.

ವಿಮಾನಯಾನ ನಿಯಂತ್ರಕ ಸಂಸ್ಥೆ ಡಿಜಿಸಿಎ ಪ್ರತಿ ತಿಂಗಳು ಪ್ರಕಟಿಸುವ ವರದಿಯಲ್ಲಿ ಎರಡನೆಯ ಕಂಪನಿಯ ಸಮಯಪಾಲನೆಯ ಶೇಕಡಾವಾರು ಪ್ರಮಾಣ ಮೊದಲನೆಯದಕ್ಕಿಂತ ಸಾಕಷ್ಟು ಹೆಚ್ಚಾಗಿದೆ. ಆದರೆ ಅದರ ರದ್ದತಿಯ ಪ್ರಮಾಣವೂ ತುಸು ಹೆಚ್ಚಿದೆ. ಇವೆರಡರಲ್ಲಿ ಯಾವುದಕ್ಕೆ ಹೆಚ್ಚು ತೂಕ ಕೊಡಬೇಕೆಂದು ತಿಳಿಯುತ್ತಿಲ್ಲ.

ಬೆಳಗಿನ ಹಕ್ಕಿ

ಮೇಡಂ, ಇದಕ್ಕೆ ವರದಿ ಓದುವ ಅಗತ್ಯವೇ ಇಲ್ಲ. ದಿನದ ಮೊದಲ ವಿಮಾನವನ್ನು ಹಿಡಿಯಿರಿ. ಬೆಳಿಗ್ಗೆ 6 ಗಂಟೆಯ ವಿಮಾನ ರಾತ್ರಿಯೆಲ್ಲ ಬೆಂಗಳೂರಿನಲ್ಲೇ ನಿಂತಿರುತ್ತದೆ, ಆದ್ದರಿಂದ ಬೇರೆ ಊರಿನ ತಡ ಅದಕ್ಕೆ ಅಂಟಿಕೊಳ್ಳುವುದಿಲ್ಲ. ಕೆಲಸದ ಮೇಲೆ ತಿರುಗಾಡುವವರೆಲ್ಲ ಪಾಲಿಸುವ ನಿಯಮ ಇದು. ಅದು ತಪ್ಪಿದರೂ ನಂತರ ನಾಲ್ಕಾರು ವಿಮಾನಗಳು ಇದ್ದೇ ಇರುತ್ತವೆ.

ಕಂಟ್ರೋಲ್ ರೂಮಿನವ

ವಿಮಾನಯಾನ ಕಂಪನಿಯೊಂದರ ಕಾರ್ಯಾಚರಣೆ ನಿಯಂತ್ರಣ ಕೇಂದ್ರದಲ್ಲಿ ಬಹಳ ವರ್ಷ ಕೆಲಸ ಮಾಡಿದ ಅನುಭವದಿಂದ ಹೇಳುತ್ತಿದ್ದೇನೆ. ಬೆಳಗಿನ ಹಕ್ಕಿ ಅವರ ನಿಯಮ ವರ್ಷದ ಹತ್ತು ತಿಂಗಳು ಸರಿ. ಡಿಸೆಂಬರ್ 10ರಿಂದ ಫೆಬ್ರವರಿ 10ರವರೆಗಿನ ಅವಧಿಯನ್ನು ದೆಹಲಿಗೆ ಮಂಜಿನ ಕಾಲವೆಂದು ವಿಮಾನಯಾನ ಇಲಾಖೆಯೇ ಪ್ರತ್ಯೇಕವಾಗಿ ಗುರುತಿಸುತ್ತದೆ, ಮತ್ತು ಆ ಮಂಜು ಅತಿ ದಟ್ಟವಾಗಿರುವುದು ಸಾಮಾನ್ಯವಾಗಿ ನಸುಕಿನಿಂದ ಬೆಳಿಗ್ಗೆ ಒಂಬತ್ತು ಹತ್ತು ಗಂಟೆಯವರೆಗೆ. ಬೆಂಗಳೂರನ್ನು 6 ಗಂಟೆಗೆ ಬಿಟ್ಟ ವಿಮಾನ ದೆಹಲಿಯ ಮೇಲೆ ಬರುವುದು ಸರಿಯಾಗಿ ಆ ಹೊತ್ತಿಗೇ. ಬೆಂಗಳೂರಿನಲ್ಲಿ ಅದು ನಿಮಿಷ ತಪ್ಪದೆ ಹೊರಟಿರಬಹುದು. ಆದರೆ ದೆಹಲಿಯ ಮೇಲೆ ಸುತ್ತು ಹೊಡೆದು ಜೈಪುರಕ್ಕೋ ಲಖನೌಗೋ ಹೋಗಿ ಇಳಿದರೆ ಆ ಹೊರಡುವ ಸಮಯದ ಶಿಸ್ತಿನಿಂದ ಮೇಡಂಗೆ ಉಪಯೋಗವಾಗದು. ಒಂದು ಮಾತನ್ನು ಮಾತ್ರ ಒಪ್ಪುತ್ತೇನೆ, 6 ಗಂಟೆಯ ವಿಮಾನ ಮೂರು ಗಂಟೆ ತಡವಾದರೂ ಮೇಡಂ ಅವರ ಗಡುವಿನೊಳಗೇ ತಲುಪುತ್ತದೆ. ಅವರು ಕೇಳಿದ್ದು ಆ ಎರಡು ವಿಮಾನಗಳ ಬಗ್ಗೆ ಆದ್ದರಿಂದ ಅಲ್ಲಿಗೇ ಬರುತ್ತೇನೆ.

ಡಿಜಿಸಿಎ ವರದಿಯ ಸಮಯಪಾಲನೆಯ ಅಂಕಿ ಒಂದು ಕಂಪನಿಯ ಎಲ್ಲ ದೇಶೀಯ ವಿಮಾನಗಳನ್ನೂ ಆಯಾ ಮಹಾನಗರದ ನಿಲ್ದಾಣದ ಮಟ್ಟದಲ್ಲಿ ಒಟ್ಟಿಗೆ ಸೇರಿಸಿ ಕೊಟ್ಟದ್ದು. ಬೆಂಗಳೂರಿನ ಸಾಲಿನಲ್ಲಿ ಹುಬ್ಬಳ್ಳಿ, ಮಂಗಳೂರು, ಕೊಚ್ಚಿ, ದೆಹಲಿ ಎಲ್ಲವೂ ಬೆರೆತಿರುತ್ತವೆ. ದಕ್ಷಿಣದೊಳಗಿನ ಸಣ್ಣ ಮಾರ್ಗಗಳಲ್ಲೇ ಹೆಚ್ಚು ಹಾರುವ ಕಂಪನಿಯ ಅಂಕಿ ಚಳಿಗಾಲದಲ್ಲಿ ತಾನಾಗಿಯೇ ಚೆನ್ನಾಗಿ ಕಾಣುತ್ತದೆ. ಉತ್ತರದ ಕಡೆ ಹೆಚ್ಚು ಹಾರುವ ಕಂಪನಿಯದು ಕುಗ್ಗುತ್ತದೆ. ಆದ್ದರಿಂದ ಆ ವ್ಯತ್ಯಾಸ ನಿಮ್ಮ 11:15ರ ವಿಮಾನದ ಗುಣವೋ ಅಥವಾ ಕಂಪನಿಯ ಮಾರ್ಗಗಳ ಬೆರಕೆಯ ಫಲವೋ ಎಂಬುದನ್ನು ಆ ವರದಿಯಿಂದ ಬೇರ್ಪಡಿಸಲು ಸಾಧ್ಯವಿಲ್ಲ. ವಿಮಾನ ಸಂಖ್ಯೆವಾರು ವಿವರ ಅದರಲ್ಲಿ ಇರುವುದಿಲ್ಲ.

ಎರಡನೆಯದಾಗಿ, ಸಮಯಪಾಲನೆಯ ಲೆಕ್ಕ 15 ನಿಮಿಷದ ಗೆರೆಯ ಮೇಲೆ ನಿಂತಿದೆ. ಹದಿನಾರು ನಿಮಿಷ ತಡವಾದದ್ದೂ ನಾಲ್ಕು ಗಂಟೆ ತಡವಾದದ್ದೂ ಅಲ್ಲಿ ಒಂದೇ. ನಿಮಗೆ ಹದಿನಾರು ನಿಮಿಷದ ಚಿಂತೆಯಿಲ್ಲ. ಅದೇ ವರದಿಯ ಕೊನೆಯ ಭಾಗದಲ್ಲಿ, ಎರಡು ಗಂಟೆಗೂ ಹೆಚ್ಚಿನ ವಿಳಂಬದಿಂದ ತೊಂದರೆಗೊಳಗಾದ ಪ್ರಯಾಣಿಕರ ಸಂಖ್ಯೆ ಕಂಪನಿವಾರು ಇರುತ್ತದೆ. ಹೆಚ್ಚಿನವರು ಅಲ್ಲಿಯವರೆಗೆ ಓದುವುದೇ ಇಲ್ಲ. ಆ ಸಂಖ್ಯೆಯನ್ನು ಅದೇ ತಿಂಗಳು ಆ ಕಂಪನಿ ಸಾಗಿಸಿದ ಒಟ್ಟು ಪ್ರಯಾಣಿಕರ ಸಂಖ್ಯೆಯಿಂದ ಭಾಗಿಸಿ. ದೊಡ್ಡ ಕಂಪನಿಯ ಬರಿಯ ಸಂಖ್ಯೆ ಯಾವಾಗಲೂ ದೊಡ್ಡದಾಗಿಯೇ ಕಾಣುವುದರಿಂದ ಭಾಗಿಸದೆ ಹೋಲಿಸಬಾರದು. ಕಂಪನಿಗಳೇ ಸಲ್ಲಿಸುವ ಅಂಕಿ ಅದು ಎಂಬುದು ನೆನಪಿರಲಿ, ಆದರೂ ನಿಮ್ಮ ಪ್ರಶ್ನೆಗೆ ಶೇಕಡಾವಾರು ಸಮಯಪಾಲನೆಗಿಂತ ಹತ್ತಿರವಾದದ್ದು ಅದೇ.

ಹಣ ವಾಪಸ್

ವಿಮಾನ ರದ್ದಾದರೆ ಹೆದರಬೇಕಾಗಿಲ್ಲ, ಪರಿಹಾರ ಸಿಗುತ್ತದೆ. ಎರಡು ಗಂಟೆಗಿಂತ ಹೆಚ್ಚು ಹಾರಾಟದ ಅವಧಿಯಿರುವ ವಿಮಾನಕ್ಕೆ 10,000 ರೂಪಾಯಿಯವರೆಗೆ ಕೊಡಬೇಕೆಂಬ ನಿಯಮವಿದೆ. ಟಿಕೆಟ್ ತೆಗೆಯುವಾಗ ನಿಮ್ಮ ಮೊಬೈಲ್ ಸಂಖ್ಯೆಯನ್ನೇ ಕೊಡಿ, ಏಜೆಂಟರದ್ದನ್ನು ಕೊಟ್ಟರೆ ಸಂದೇಶ ನಿಮಗೆ ಬರುವುದಿಲ್ಲ, ಆಮೇಲೆ ವಾದಿಸುವುದು ಕಷ್ಟ.

ತುಂಗಾತೀರ

ಮೊಬೈಲ್ ಸಂಖ್ಯೆಯ ಸಲಹೆಗೆ ಧನ್ಯವಾದಗಳು ಸರ್. ಆದರೆ ನನಗೆ ಬೇಕಿರುವುದು ಪರಿಹಾರವಲ್ಲ, ಸಂಜೆ ಐದಕ್ಕೆ ಅಲ್ಲಿರುವುದು. ಮಂಜಿನಂಥ ಕಾರಣಕ್ಕೆ ರದ್ದಾದರೆ ಆ ಪರಿಹಾರ ಅನ್ವಯಿಸುವುದಿಲ್ಲವೆಂದೂ, ಹಣ ವಾಪಸ್ ಅಥವಾ ಬೇರೆ ವಿಮಾನ ಮಾತ್ರ ಸಿಗುತ್ತದೆಂದೂ ಓದಿದ್ದೇನೆ.

ಕಂಟ್ರೋಲ್ ರೂಮಿನವರೇ, ವಿಮಾನ ಸಂಖ್ಯೆವಾರು ದಾಖಲೆ ಹಾಗಾದರೆ ಎಲ್ಲಿ ಸಿಗುತ್ತದೆ?

ಹಡ್ಸನ್ ಕನ್ನಡಿಗ

ನಾನಿರುವುದು ನ್ಯೂಜೆರ್ಸಿಯಲ್ಲಿ. ಇಲ್ಲಿ ಈ ಪ್ರಶ್ನೆಗೆ ಸರ್ಕಾರವೇ ಉತ್ತರ ಕೊಡುತ್ತದೆ. ಸಾರಿಗೆ ಇಲಾಖೆಯ ಅಂಕಿಅಂಶ ವಿಭಾಗದ ತಾಣದಲ್ಲಿ ಕಂಪನಿ, ನಿಲ್ದಾಣ ಮತ್ತು ತಿಂಗಳನ್ನು ಆರಿಸಿದರೆ ಒಂದೊಂದು ದೇಶೀಯ ವಿಮಾನವೂ ಗೇಟು ಬಿಟ್ಟದ್ದು, ನೆಲ ಬಿಟ್ಟದ್ದು, ಇಳಿದದ್ದು, ಗೇಟು ಸೇರಿದ್ದು ನಿಮಿಷದ ಲೆಕ್ಕದಲ್ಲಿ ಸಿಗುತ್ತದೆ. ಹದಿನೈದು ನಿಮಿಷ ಅಥವಾ ಅದಕ್ಕೂ ತಡವಾಗಿ ತಲುಪಿದ ವಿಮಾನಗಳಿಗೆ ಕಾರಣವನ್ನೂ ಐದು ಬಗೆಯಲ್ಲಿ ಹಂಚಿ ತೋರಿಸುತ್ತಾರೆ: ಕಂಪನಿಯ ತಪ್ಪು, ತೀವ್ರ ಹವಾಮಾನ, ವಾಯು ಸಂಚಾರ ವ್ಯವಸ್ಥೆ, ಭದ್ರತೆ, ಮತ್ತು ಹಿಂದಿನ ಊರಿನಿಂದ ವಿಮಾನವೇ ತಡವಾಗಿ ಬಂದದ್ದು.

ಕಳೆದ ವರ್ಷ ಒಂದು ಪ್ರಯಾಣಕ್ಕೆ ನಾನು ದೊಡ್ಡ ಕಂಪನಿಯೊಂದರ ಒಳ್ಳೆಯ ಅಂಕಿಯನ್ನು ನಂಬಿ ಟಿಕೆಟ್ ತೆಗೆದೆ. ನಿಜವಾಗಿ ಅದನ್ನು ಹಾರಿಸಿದ್ದು ಅದರ ಹೆಸರು ಹೊತ್ತ ಸಣ್ಣ ಪ್ರಾದೇಶಿಕ ಕಂಪನಿ, ಮತ್ತು ಅದು ರದ್ದಾಯಿತು. ಇಲ್ಲಿಯ ದಾಖಲೆಯಲ್ಲಿ ಟಿಕೆಟ್ ಮಾರಿದವರ ಲೆಕ್ಕ ಬೇರೆ, ಹಾರಿಸಿದವರ ಲೆಕ್ಕ ಬೇರೆ. ರದ್ದತಿಗೂ ಒಂದು ಗೆರೆಯಿದೆ: ನಿಗದಿತ ದಿನಕ್ಕೆ ಮುಂಚಿನ ಏಳು ದಿನಗಳೊಳಗೆ ಬುಕಿಂಗ್ ವ್ಯವಸ್ಥೆಯಲ್ಲಿದ್ದು ಹಾರದೇ ಹೋದದ್ದು ಮಾತ್ರ ರದ್ದತಿ ಎನಿಸುತ್ತದೆ. ತಿಂಗಳ ಮುಂಚೆಯೇ ವೇಳಾಪಟ್ಟಿಯಿಂದ ತೆಗೆದುಹಾಕಿದ್ದು ಪ್ರಯಾಣಿಕರಿಗೆ ಎಷ್ಟೇ ತೊಂದರೆ ಕೊಟ್ಟಿದ್ದರೂ ಆ ಲೆಕ್ಕಕ್ಕೆ ಬರುವುದಿಲ್ಲ. ಭಾರತದಲ್ಲೂ ಹೀಗೆಯೇ ಇರಬೇಕಲ್ಲವೇ?

ಕಂಟ್ರೋಲ್ ರೂಮಿನವ

ಅಷ್ಟು ಬಿಡಿಸಿದ ದಾಖಲೆ ಇಲ್ಲಿನ ಮಾಸಿಕ ವರದಿಯಲ್ಲಿಲ್ಲ. ಆದರೆ ಮುಂಗಡವಾಗಿ ಕಡಿತಗೊಳಿಸಿದ ವಿಮಾನಗಳ ಬಗ್ಗೆ ಹಡ್ಸನ್ ಕನ್ನಡಿಗರು ಹೇಳಿದ ಎಚ್ಚರಿಕೆ ಇಲ್ಲಿಯೂ ಬೇಕು. 2025ರ ಡಿಸೆಂಬರ್ ಆರಂಭದಲ್ಲಿ, ಪೈಲಟ್‌ಗಳ ಕರ್ತವ್ಯದ ಅವಧಿ ಮತ್ತು ವಿಶ್ರಾಂತಿಯ ಹೊಸ ನಿಯಮಗಳಿಗೆ ತಕ್ಕಷ್ಟು ಸಿಬ್ಬಂದಿ ಒದಗದೆ ಇಂಡಿಗೋ ಒಂದೇ ದಿನ ಸಾವಿರಕ್ಕೂ ಹೆಚ್ಚು ವಿಮಾನಗಳನ್ನು ರದ್ದುಪಡಿಸಿತು. ಅದರ ಬೆನ್ನಿಗೇ ಸರ್ಕಾರ ಅದರ ಚಳಿಗಾಲದ ವೇಳಾಪಟ್ಟಿಯನ್ನು ಶೇ. 10ರಷ್ಟು ಕಡಿತಗೊಳಿಸುವಂತೆ ಸೂಚಿಸಿತು. ಮೊದಲನೆಯದು ದಿನದ ರದ್ದತಿ, ಎರಡನೆಯದು ವೇಳಾಪಟ್ಟಿಯ ಕಡಿತ. ಎರಡನ್ನೂ ಒಂದೇ ಅಂಕಿಯಂತೆ ಓದಬಾರದು. ಆ ತಿಂಗಳನ್ನು ಸರಾಸರಿಯೊಳಗೆ ಬೆರೆಸಿದರೂ ತಪ್ಪು, ಮರೆತರೂ ತಪ್ಪು. ಅದು ಕಂಪನಿಯ ಸಿಬ್ಬಂದಿ ಯೋಜನೆಯ ಬಗ್ಗೆ ಹೇಳುತ್ತದೆಯೇ ಹೊರತು ನಿಮ್ಮ ನಿರ್ದಿಷ್ಟ ವಿಮಾನದ ಬಗ್ಗೆ ಹೆಚ್ಚೇನೂ ಹೇಳುವುದಿಲ್ಲ.

ರದ್ದತಿಯ ಪ್ರಮಾಣದ ಪಕ್ಕದಲ್ಲಿ ಕಾರಣಗಳ ಹಂಚಿಕೆಯನ್ನೂ ನೋಡಿ. ಚಳಿಗಾಲದ ತಿಂಗಳುಗಳಲ್ಲಿ ಹವಾಮಾನದ ಪಾಲು ಹೆಚ್ಚಿರುವುದು ಸಹಜ. ಹವಾಮಾನ ತಿಳಿಯಾಗಿದ್ದ ತಿಂಗಳಲ್ಲಿಯೂ ಕಂಪನಿಯ ರದ್ದತಿ ಹೆಚ್ಚಿದ್ದು, ಅದೇ ತಿಂಗಳು ತಾಂತ್ರಿಕ ಅಥವಾ ವಾಣಿಜ್ಯ ಕಾರಣದ ಪಾಲು ದೊಡ್ಡದಾಗಿದ್ದರೆ ನಾನು ಯೋಚಿಸುತ್ತೇನೆ. ವಾಣಿಜ್ಯ ಕಾರಣವೆಂದರೆ ಬಹುಪಾಲು, ಎರಡು ವಿಮಾನಗಳು ಅರ್ಧರ್ಧ ತುಂಬಿದ್ದಾಗ ಒಂದನ್ನು ಕೈಬಿಟ್ಟು ಜನರನ್ನು ಇನ್ನೊಂದಕ್ಕೆ ಸೇರಿಸುವುದು.

ಇನ್ನು ವಿಮಾನ ಸಂಖ್ಯೆವಾರು ಇತಿಹಾಸ. ಫ್ಲೈಟ್‌ರಾಡಾರ್24 ತಾಣದಲ್ಲಿ ಸಂಖ್ಯೆಯನ್ನು ಹುಡುಕಿದರೆ ಹಿಂದಿನ ಏಳು ದಿನಗಳದ್ದು ಉಚಿತವಾಗಿ ಕಾಣುತ್ತದೆ, ಹಣ ಕೊಟ್ಟರೆ ಇನ್ನೂ ಹಿಂದಿನದು. ಅಲ್ಲಿ `STD` ಮತ್ತು `STA` ನಿಗದಿತ ಸಮಯಗಳು, ಅಂದರೆ ಗೇಟು ಬಿಡುವ ಮತ್ತು ಗೇಟು ಸೇರುವ ಸಮಯ. ಆದರೆ `ATD` ಎಂದು ತೋರಿಸುವುದು ಸಾಮಾನ್ಯವಾಗಿ ನೆಲ ಬಿಟ್ಟ ಸಮಯ, `Landed` ಎಂದರೆ ಚಕ್ರ ನೆಲ ಮುಟ್ಟಿದ ಸಮಯ. ಹೀಗಾಗಿ ಸರಿಯಾದ ಸಮಯಕ್ಕೆ ಗೇಟು ಬಿಟ್ಟ ವಿಮಾನವೂ ಹೊರಡುವಾಗ ಹದಿನೈದು ಇಪ್ಪತ್ತು ನಿಮಿಷ ತಡವಾದಂತೆ ಕಾಣುತ್ತದೆ, ಮತ್ತು ಇಳಿಯುವಾಗ ನಿಜಕ್ಕಿಂತ ಬೇಗ ಬಂದಂತೆ ಕಾಣುತ್ತದೆ. ದೆಹಲಿಯಲ್ಲಿ ಇಳಿದ ಮೇಲೆ ಗೇಟಿಗೆ ಸಾಗಲು ಹತ್ತು ಹದಿನೈದು ನಿಮಿಷ ಸೇರಿಸಿಕೊಳ್ಳಿ. ಸಮಯ ಭಾರತೀಯ ಕಾಲಮಾನದಲ್ಲಿದೆಯೇ ಯುಟಿಸಿಯಲ್ಲಿದೆಯೇ ಎಂಬುದನ್ನೂ ಮೊದಲು ನೋಡಿ.

ಬಹಳ ಮುಖ್ಯವಾದದ್ದು ಅದೇ ಸಾಲಿನಲ್ಲಿರುವ ವಿಮಾನದ ನೋಂದಣಿ ಸಂಖ್ಯೆ, `VT-` ಎಂದು ಆರಂಭವಾಗುವುದು. ಅದನ್ನು ಒತ್ತಿದರೆ ಆ ವಿಮಾನ ಅಂದು ಬೆಳಿಗ್ಗೆಯಿಂದ ಎಲ್ಲೆಲ್ಲಿ ಹಾರಿತೆಂಬುದು ತೆರೆಯುತ್ತದೆ. ನಿಮ್ಮ 10:40ರ ವಿಮಾನ ಬೆಳಿಗ್ಗೆ ಕೊಯಮತ್ತೂರಿಗೆ ಹೋಗಿ ಬಂದದ್ದೋ ಅಥವಾ 7 ಗಂಟೆಗೆ ದೆಹಲಿಯಿಂದ ಹೊರಟು ಬೆಂಗಳೂರಿಗೆ ಬಂದು ಮತ್ತೆ ಅಲ್ಲಿಗೇ ಮರಳುವಂಥದ್ದೋ? ಎರಡನೆಯದಾದರೆ, ನೀವು ಹೊರಡುವ ಹೊತ್ತಿಗೆ ದೆಹಲಿ ತಿಳಿಯಾಗಿದ್ದರೂ ಬೆಳಗಿನ ಮಂಜಿನ ತಡ ನಿಮ್ಮ ವಿಮಾನದ ಬೆನ್ನೇರಿ ಬಂದಿರುತ್ತದೆ. ಡಿಜಿಸಿಎ ವರದಿಯಲ್ಲಿ ವಿಳಂಬದ ಕಾರಣಗಳಲ್ಲಿ ಅತಿ ದೊಡ್ಡ ಪಾಲು ಯಾವಾಗಲೂ ಇಂಥ ಸರಪಳಿ ವಿಳಂಬದ್ದೇ. ಅಲ್ಲಿ ಅದನ್ನು ರಿಯಾಕ್ಷನರಿ ಎಂದು ಬರೆದಿರುತ್ತಾರೆ.

ಅಂಕಿಸಂಖ್ಯೆ

ಕಂಟ್ರೋಲ್ ರೂಮಿನವರ ಮಾತಿಗೆ ಲೆಕ್ಕದ ಕಡೆಯಿಂದ ಒಂದು ವಿಷಯ ಸೇರಿಸುತ್ತೇನೆ. ಮೇಡಂ ಸಮಯಪಾಲನೆಯ ಶೇಕಡಾವಾರನ್ನು ಬದಿಗಿಟ್ಟು, ತಮ್ಮ ಗಡುವನ್ನೇ ಗೆರೆಯಾಗಿಟ್ಟುಕೊಳ್ಳಬೇಕು. ಮೊದಲ ವಿಮಾನಕ್ಕೆ ಗಡುವಿನವರೆಗೆ ಎರಡು ಗಂಟೆ ಉಳಿಯುತ್ತದೆ, ಎರಡನೆಯದಕ್ಕೆ 85 ನಿಮಿಷ.

ವಿಧಾನ ತಿಳಿಯಲೆಂದು ಕಲ್ಪಿತ ಅಂಕಿಗಳನ್ನು ಇಟ್ಟುಕೊಳ್ಳೋಣ. ಎರಡೂ ವಿಮಾನಗಳ 20 ದಿನಗಳ ದಾಖಲೆ ಸಿಕ್ಕಿತೆನ್ನಿ. ಮೊದಲನೆಯದು 14 ದಿನ ಸಮಯಕ್ಕೆ ಬಂದಿದೆ, 6 ದಿನ ಇಪ್ಪತ್ತರಿಂದ ಐವತ್ತು ನಿಮಿಷ ತಡವಾಗಿದೆ, ರದ್ದಾಗಿಲ್ಲ. ಎರಡನೆಯದು 17 ದಿನ ಸಮಯಕ್ಕೆ ಬಂದಿದೆ, 2 ದಿನ ಮೂರು ಗಂಟೆ ತಡವಾಗಿದೆ, 1 ದಿನ ರದ್ದಾಗಿದೆ. ಸಮಯಪಾಲನೆ ನೋಡಿದರೆ ಮೊದಲನೆಯದು ಶೇ. 70, ಎರಡನೆಯದು ಶೇ. 85; ರದ್ದಾದ ದಿನವನ್ನು ಲೆಕ್ಕದಿಂದ ಬಿಟ್ಟು 19ಕ್ಕೆ 17 ಎಂದು ಹಿಡಿದರೆ ಶೇ. 89. ಆದರೆ ಗಡುವು ತಪ್ಪಿದ ದಿನಗಳು ಮೊದಲನೆಯದಕ್ಕೆ ಒಂದೂ ಇಲ್ಲ, ಎರಡನೆಯದಕ್ಕೆ ಮೂರು. ಮೇಡಂ ಹತ್ತಬೇಕಾದದ್ದು ಶೇ. 70ರ ವಿಮಾನವನ್ನು.

ಇಷ್ಟಾದ ಮೇಲೆ ತಣ್ಣೀರು ಎರಚುವ ಮಾತೊಂದಿದೆ. 20 ದಿನಗಳಲ್ಲಿ ಒಮ್ಮೆಯೂ ತಪ್ಪಿಲ್ಲವೆಂದರೆ ತಪ್ಪುವ ಸಂಭವ ಸೊನ್ನೆಯೆಂದು ಅರ್ಥವಲ್ಲ. ಇಂಥ ಸಂದರ್ಭದಲ್ಲಿ ಮೂರನ್ನು ದಿನಗಳ ಸಂಖ್ಯೆಯಿಂದ ಭಾಗಿಸುವ ಒರಟು ಲೆಕ್ಕವಿದೆ. 20 ದಿನಕ್ಕೆ ಅದು ಶೇ. 15 ಬರುತ್ತದೆ. ಅಂದರೆ ನಿಜವಾದ ಸಂಭವ ಶೇ. 15ರವರೆಗೂ ಇದ್ದು ನಮ್ಮ ದಾಖಲೆಯಲ್ಲಿ ಕಾಣಿಸದೇ ಹೋಗಿರಬಹುದು. ಏಳು ದಿನಗಳ ಉಚಿತ ಪಟ್ಟಿಯಿಂದ ಎರಡು ವಿಮಾನಗಳ ನಡುವೆ ತೀರ್ಪು ಕೊಡುವುದಂತೂ ಆಗದ ಮಾತು. ಸಾಧ್ಯವಾದರೆ ಒಂದು ತಿಂಗಳು ಹಣ ಕೊಟ್ಟಾದರೂ ಕಳೆದ ಜನವರಿಯ ದಾಖಲೆಯನ್ನೇ ತೆಗೆಯಿರಿ. ನವೆಂಬರಿನ ನಿರ್ಮಲ ಆಕಾಶದ ನೂರು ದಿನಗಳಿಗಿಂತ ಮಂಜಿನ ಹದಿನೈದು ದಿನಗಳು ಹೆಚ್ಚು ಹೇಳುತ್ತವೆ.

ಕಂಟ್ರೋಲ್ ರೂಮಿನವ

ಕಳೆದ ಜನವರಿಯ ದಾಖಲೆ ಬೇಕೆಂಬುದನ್ನು ನಾನು ಪೂರ್ತಿ ಒಪ್ಪಲಾರೆ. ಚಳಿಗಾಲದ ವೇಳಾಪಟ್ಟಿ ಅಕ್ಟೋಬರಿನ ಕೊನೆಯ ಭಾನುವಾರದಿಂದ ಹೊಸದಾಗಿ ಆರಂಭವಾಗುತ್ತದೆ. ಆಗ ಅದೇ ಸಂಖ್ಯೆಯ ವಿಮಾನ ಬೇರೆ ಸಮಯಕ್ಕೆ ಹೋಗಿರಬಹುದು, ಅದೇ ಸಮಯದ ವಿಮಾನಕ್ಕೆ ಬೇರೆ ಸಂಖ್ಯೆ ಬಂದಿರಬಹುದು, ವಿಮಾನದ ಹಿಂದಿನ ಸುತ್ತಾಟವಂತೂ ಬದಲಾಗಿಯೇ ಇರುತ್ತದೆ. ಕಳೆದ ವರ್ಷ ಕೊಯಮತ್ತೂರಿನಿಂದ ಬರುತ್ತಿದ್ದದ್ದು ಈ ವರ್ಷ ದೆಹಲಿಯಿಂದ ಬರುತ್ತಿದ್ದರೆ ಹಳೆಯ ದಾಖಲೆ ದಾರಿ ತಪ್ಪಿಸುತ್ತದೆ. ನಾನಾದರೆ ಈಗಿನ ಸುತ್ತಾಟವನ್ನೇ ನಂಬುತ್ತೇನೆ.

ಅಂಕಿಸಂಖ್ಯೆ

ಸಂಖ್ಯೆಯನ್ನು ಬಿಟ್ಟು ಹೊತ್ತನ್ನು ಹಿಡಿದು ಹುಡುಕಬಹುದಲ್ಲ ಸರ್? ಕಳೆದ ಜನವರಿಯಲ್ಲಿ ಬೆಂಗಳೂರಿನಿಂದ 10ರಿಂದ 12 ಗಂಟೆಯೊಳಗೆ ದೆಹಲಿಗೆ ಹೊರಟ ಎಲ್ಲ ವಿಮಾನಗಳನ್ನೂ ಒಟ್ಟಾಗಿ ನೋಡಿದರೆ ಆ ಹೊತ್ತಿನ ಅಪಾಯ ಎಷ್ಟೆಂಬುದು ತಿಳಿಯುತ್ತದೆ. ಈಗಿನ ಸುತ್ತಾಟವೂ ದಿನದಿನ ಬದಲಾಗುತ್ತದೆಂದು ನೀವೇ ಬಲ್ಲಿರಿ. ಯಾವ ವಿಮಾನ ಯಾವ ಮಾರ್ಗಕ್ಕೆ ಎಂಬುದು ಖಚಿತವಾಗುವುದು ಬಹಳ ಹತ್ತಿರ ಬಂದ ಮೇಲೆಯೇ.

ಕಂಟ್ರೋಲ್ ರೂಮಿನವ

ಹೊತ್ತಿನ ಅಪಾಯ ತಿಳಿಯುತ್ತದೆ, ಆದರೆ ಎರಡೂ ವಿಮಾನಗಳು ಅದೇ ಹೊತ್ತಿನವಾದ್ದರಿಂದ ಆಯ್ಕೆಗೆ ಅದು ನೆರವಾಗದು. ಬದಲಾಗುವುದು ವಿಮಾನದ ನೋಂದಣಿ ಸಂಖ್ಯೆ. ಎಲ್ಲಿಂದ ಬರುತ್ತದೆ ಎಂಬ ಮಾದರಿ ಬಹಳಷ್ಟು ವಾರಗಳು ಹಾಗೆಯೇ ನಡೆಯುತ್ತದೆ, ವಾರದ ಅದೇ ದಿನವನ್ನು ಹೋಲಿಸಿದರಂತೂ ಸರಿ. ಇದರಲ್ಲಿ ನಾವಿಬ್ಬರೂ ಒಮ್ಮತಕ್ಕೆ ಬರುವ ಸೂಚನೆಯಿಲ್ಲ, ಇರಲಿ.

ತುಂಗಾತೀರ

ಇಬ್ಬರ ಮಾತನ್ನೂ ಓದಿ, ಎರಡೂ ವಿಮಾನಗಳ ಹಿಂದಿನ ಪ್ರಯಾಣವನ್ನು ನೋಡಿದೆ. ಪಟ್ಟಿಯಲ್ಲಿರುವ ದಿನಗಳಲ್ಲಿ ಬಹುತೇಕ 11:15ರದ್ದು ದೆಹಲಿಯಿಂದಲೇ ಬೆಂಗಳೂರಿಗೆ ಬಂದು ಮರಳುತ್ತಿದೆ, ನಿಲ್ದಾಣದಲ್ಲಿ ನಿಲ್ಲುವುದು ಮುಕ್ಕಾಲು ಗಂಟೆಗೂ ಕಡಿಮೆ. 10:40ರದ್ದು ದಕ್ಷಿಣದ ಊರುಗಳಿಂದ ಬರುತ್ತಿದೆ, ಒಂದು ದಿನ ಮಾತ್ರ ಕೋಲ್ಕತ್ತದಿಂದ ಬಂದಿತ್ತು. ಹಾಗಾಗಿ 10:40ರದ್ದನ್ನೇ ತೆಗೆಯುವ ಯೋಚನೆಯಿದೆ. ಆದರೆ ಅದು ರದ್ದಾದರೆ ಮುಂದೇನು ಎಂಬ ಅಳುಕು ಹೋಗಿಲ್ಲ.

ಹಡ್ಸನ್ ಕನ್ನಡಿಗ

ರದ್ದತಿಯ ಪ್ರಮಾಣದ ಜೊತೆಗೆ, ಅದೇ ಕಂಪನಿಗೆ ಅಂದು ದೆಹಲಿಗೆ ಇನ್ನೆಷ್ಟು ವಿಮಾನಗಳಿವೆ ಎಂಬುದನ್ನು ನೋಡಿ. ದಿನಕ್ಕೆ ಎರಡೇ ವಿಮಾನವಿರುವ ಕಂಪನಿಯದು ನೂರಕ್ಕೆ ಒಂದು ಬಾರಿ ರದ್ದಾದರೂ ಅಂದಿನ ಕೆಲಸ ಕೆಟ್ಟಂತೆ. ಗಂಟೆಗೊಂದು ವಿಮಾನವಿರುವ ಕಂಪನಿಯದು ನೂರಕ್ಕೆ ಎರಡು ಬಾರಿ ರದ್ದಾದರೂ ಮುಂದಿನದರಲ್ಲಿ ಸೀಟು ಸಿಗಬಹುದು. ಮಂಜಿನ ದಿನ ಎಲ್ಲರೂ ಅದೇ ಸೀಟಿಗೆ ಮುಗಿಬೀಳುತ್ತಾರೆಂಬುದೂ ನಿಜ.

ಬೆಳಗಿನ ಹಕ್ಕಿ

ಹಾಗಿದ್ದರೆ ನನ್ನ 6 ಗಂಟೆಯ ವಿಮಾನವೇ ವಾಸಿ ಎಂದಾಯಿತಲ್ಲ. ತಡವಾದರೂ ತಲುಪುತ್ತದೆ, ರದ್ದಾದರೆ ನಂತರದ್ದಕ್ಕೆ ಹತ್ತಬಹುದು.

ಕಂಟ್ರೋಲ್ ರೂಮಿನವ

ರದ್ದತಿಯ ದೃಷ್ಟಿಯಿಂದ ನಿಮ್ಮ ವಾದದಲ್ಲಿ ಬಲವಿದೆ, ಅಲ್ಲಗಳೆಯುವುದಿಲ್ಲ. ಅಪಾಯವಿರುವುದು ಬೇರೆ ನಿಲ್ದಾಣಕ್ಕೆ ತಿರುಗಿದಾಗ. ಜೈಪುರದಲ್ಲಿ ಇಳಿದ ವಿಮಾನದಲ್ಲಿ ಪೈಲಟ್‌ಗಳ ಕರ್ತವ್ಯದ ಅವಧಿ ಮುಗಿದುಬಿಟ್ಟರೆ ನೀವು ಬೆಂಗಳೂರಿನಲ್ಲೂ ಇಲ್ಲ, ದೆಹಲಿಯಲ್ಲೂ ಇಲ್ಲ, ನಂತರದ ವಿಮಾನಕ್ಕೆ ಹತ್ತುವ ಪ್ರಶ್ನೆಯೇ ಏಳುವುದಿಲ್ಲ. ಹೀಗೆ ತಿರುಗಿದ ವಿಮಾನ ರದ್ದತಿಯ ಅಂಕಿಯಲ್ಲೂ ಸೇರದೆ ಉಳಿಯಬಹುದು, ಆದ್ದರಿಂದ ಇತಿಹಾಸದ ಪಟ್ಟಿಯಲ್ಲಿ `Diverted` ಎಂಬುದನ್ನು ಪ್ರತ್ಯೇಕವಾಗಿ ಹುಡುಕಿ. ದೆಹಲಿಯಲ್ಲಿ ಕ್ಯಾಟ್ 3ಬಿ ವ್ಯವಸ್ಥೆಯಿದ್ದು ರನ್‌ವೇ ಗೋಚರತೆ 50 ಮೀಟರ್ ಇದ್ದರೂ ಇಳಿಯಬಹುದು, ಆದರೆ ಅದಕ್ಕೆ ವಿಮಾನವೂ ಪೈಲಟ್‌ಗಳೂ ಅರ್ಹರಾಗಿರಬೇಕು. 2023ರ ಡಿಸೆಂಬರ್ ಕೊನೆಯ ಮಂಜಿನ ದಿನಗಳಲ್ಲಿ ಅಂಥ ತರಬೇತಿಯಿರುವ ಪೈಲಟ್‌ಗಳನ್ನು ಕರ್ತವ್ಯಕ್ಕೆ ನಿಯೋಜಿಸದಿದ್ದ ಕಾರಣಕ್ಕೆ ಡಿಜಿಸಿಎ ಎರಡು ಕಂಪನಿಗಳಿಗೆ ನೋಟಿಸ್ ಕೊಟ್ಟಿತ್ತು. ಮಂಜಿನ ದಿನವೊಂದನ್ನು ಆರಿಸಿ, ಒಂದೇ ಅರ್ಧ ಗಂಟೆಯಲ್ಲಿ ಬಂದ ಬೇರೆ ಬೇರೆ ಕಂಪನಿಗಳ ವಿಮಾನಗಳಲ್ಲಿ ಯಾವುವು ಇಳಿದವು, ಯಾವುವು ತಿರುಗಿದವು ಎಂದು ನೋಡಿದರೆ ಯಾರ ಸಿದ್ಧತೆ ಎಷ್ಟೆಂಬುದು ಗೊತ್ತಾಗುತ್ತದೆ.

ತುಂಗಾತೀರ

10:40ರ ಟಿಕೆಟ್ ತೆಗೆದಿದ್ದೇನೆ. ಆ ಕಂಪನಿಗೆ ಅಂದು ಅದರ ನಂತರ ಮಧ್ಯಾಹ್ನದೊಳಗೆ ಇನ್ನೊಂದು ವಿಮಾನವಿದೆ, ಆದರೆ ಅದು ಗಡುವಿಗೆ ಬಹಳ ಹತ್ತಿರ. ಪರೀಕ್ಷೆಯನ್ನು ಆನ್‌ಲೈನ್ ಮೂಲಕ ನಡೆಸಲು ಅವಕಾಶವಿದೆಯೇ ಎಂದು ಕುಲಸಚಿವರಿಗೂ ಬರೆದಿದ್ದೇನೆ. ಮರುದಿನ ಬೆಳಿಗ್ಗೆ 7 ಗಂಟೆಗೆ ದೆಹಲಿಯಿಂದ ಮರಳುವ ವಿಮಾನ ಅಗ್ಗವಾಗಿದೆ. ಇಳಿಯಲು 50 ಮೀಟರ್ ಸಾಕೆಂದರೆ ಹೊರಡುವುದು ಇನ್ನೂ ಸುಲಭವಿರಬೇಕಲ್ಲವೇ?

ಕಂಟ್ರೋಲ್ ರೂಮಿನವ

ಇಲ್ಲ ಮೇಡಂ, ಅದು ತಿರುವುಮುರುವು. ದೆಹಲಿಯಲ್ಲಿ ಮೇಲೇರಲು ರನ್‌ವೇ ಗೋಚರತೆ ಕನಿಷ್ಠ 125 ಮೀಟರ್ ಬೇಕು. ಆದ್ದರಿಂದ ವಿಮಾನಗಳು ಇಳಿಯುತ್ತಲೇ ಇರುವ ಹೊತ್ತಿನಲ್ಲೂ ಹೊರಡುವವು ಸಾಲುಗಟ್ಟಿ ನಿಂತಿರಬಹುದು. 7 ಗಂಟೆಯ ವಿಮಾನದ ದಾಖಲೆ ನೋಡುವಾಗ ಗೇಟು ಬಿಟ್ಟ ಸಮಯವನ್ನು ನಂಬಬೇಡಿ. ಬಾಗಿಲು ಮುಚ್ಚಿ ಹಿಂದಕ್ಕೆ ತಳ್ಳಿದ ಕೂಡಲೇ ಅದು ಹೊರಟಂತೆ ದಾಖಲಾಗುತ್ತದೆ, ಒಳಗಿರುವವರು ಎರಡು ಗಂಟೆ ನೆಲದ ಮೇಲೆಯೇ ಕುಳಿತಿರಬಹುದು. ನೆಲ ಬಿಟ್ಟ ಸಮಯವನ್ನು ನೋಡಿ. ಬೆಂಗಳೂರಿನಲ್ಲಿ ಅಂದು ಅವಸರದ ಕೆಲಸವಿದ್ದರೆ ಮಧ್ಯಾಹ್ನದ ವಿಮಾನಕ್ಕೆ ಇನ್ನಷ್ಟು ಹಣ ಕೊಡಬಹುದು, ಇಲ್ಲವಾದರೆ 7 ಗಂಟೆಯದೇ ಸಾಕು.